ಏಲಕ್ಕಿಗೆ ಮೆಣಸಿನ ಬೆಲೆ

ಬೋಡಿನಾಯಕನೂರಿನ ನಮ್ಮ ಅಂಗಡಿಯಲ್ಲಿ ಬಿಲ್ಲುಗಳನ್ನು ಎಕ್ಸೆಲ್‌ನಲ್ಲಿ ಬರೆಯುತ್ತೇವೆ. ಸರಕಿನ ಸಂಖ್ಯೆಯನ್ನು ಬರೆದರೆ ಬೆಲೆಯು ಮೂಲಪಟ್ಟಿಯಿಂದ ತಾನಾಗಿ ಬಂದು ಕೂಡುತ್ತದೆ. ಒಮ್ಮೆ ಹೊಸ ತರಗತಿಯ ಏಲಕ್ಕಿಗೆ 105 ಎಂಬ ಸಂಖ್ಯೆಯನ್ನಿತ್ತು, ಅದನ್ನು ಪಟ್ಟಿಗೆ ಸೇರಿಸಲು ಮರೆತೆವು. ಆದರೂ ಬೆಲೆ ಬಂದಿತು! ಅದು 104ನೆಯ ಸರಕಾದ ಕಾಳುಮೆಣಸಿನ ಬೆಲೆ. ಗಿರಾಕಿ ಹಣ ತೆತ್ತು ಹೋದ ಮೇಲಷ್ಟೇ ನಮಗೆ ಅರಿವಾಯಿತು.

ಸೂತ್ರದ ಕೊನೆಯ ಪದವನ್ನು ನಾವು ಬಿಟ್ಟಿದ್ದೆವು. ಅದಿಲ್ಲದಿದ್ದರೆ ಎಕ್ಸೆಲ್, ಪಟ್ಟಿಯು ಏರುಕ್ರಮದಲ್ಲಿದೆಯೆಂದು ನಂಬಿ, ಸಿಕ್ಕದ ಸಂಖ್ಯೆಗೆ ಅದಕ್ಕಿಂತ ಕಿರಿದಾದ ಸಮೀಪದ ಸಂಖ್ಯೆಯ ಬೆಲೆಯನ್ನೇ ಕೊಟ್ಟುಬಿಡುತ್ತದೆ. ಈಗ ಹೀಗೆ ಬರೆಯುತ್ತೇವೆ:

```
=VLOOKUP(A2,Master!$A$2:$C$41,3,FALSE)
```

ಪಟ್ಟಿಯ ಮೊದಲ ಕಾಲಮ್ಮಿನಲ್ಲಿ ಅದೇ ಸಂಖ್ಯೆ ಸಿಕ್ಕರೆ ಮೂರನೆಯ ಕಾಲಮ್ಮಿನ ಬೆಲೆ ಬರುತ್ತದೆ. ಸಿಕ್ಕದಿದ್ದರೆ `#N/A` ಎಂದು ತೋರುತ್ತದೆ. ಅದನ್ನು ಕಂಡೊಡನೆ ಬಿಲ್ಲನ್ನು ನಿಲ್ಲಿಸಿ, ಮೊದಲು ಪಟ್ಟಿಯನ್ನು ತಿದ್ದುತ್ತೇವೆ.