ತಲೆಸ್ನಾನದ ಮೂರನೇ ದಿನ

ಮೊದಲು ಕೆಂಪಾದದ್ದು ಕಣ್ಣಿನ ರೆಪ್ಪೆ. ಆಮೇಲೆ ಕಿವಿಯ ಹಿಂದೆ, ಕತ್ತಿನ ಎರಡೂ ಬದಿ. ಚರ್ಮ ದಪ್ಪಗಾಗಿ ಸಿಪ್ಪೆ ಏಳುತ್ತಿತ್ತು. ರಾತ್ರಿ ತುರಿಕೆಗೆ ಎಚ್ಚರವಾಗುತ್ತಿತ್ತು. ಬೆಳಿಗ್ಗೆ ಕಣ್ಣು ಅರ್ಧ ಮಾತ್ರ ತೆರೆಯುತ್ತಿತ್ತು. ಮುಲಾಮು ಹಚ್ಚಿದರೆ ಇಳಿಯುತ್ತಿತ್ತು, ಬಿಟ್ಟರೆ ಮತ್ತೆ ಬರುತ್ತಿತ್ತು.

ಶಾಂಪೂ ಮೇಲೆ ಅನುಮಾನ ಬರಲಿಲ್ಲ. ತಲೆಯಲ್ಲಿ ಏನೂ ಆಗಿರಲಿಲ್ಲವಲ್ಲ. ಭಾನುವಾರ ತಲೆಸ್ನಾನ, ಮಂಗಳವಾರ ತುರಿಕೆ. ಎರಡಕ್ಕೂ ನಂಟಿದೆ ಎಂದು ಯಾರಿಗೆ ಹೊಳೆಯುತ್ತದೆ? ನೆತ್ತಿಯ ಚರ್ಮ ದಪ್ಪ, ಅದು ತಡೆದುಕೊಳ್ಳುತ್ತದೆ, ನೊರೆ ಇಳಿದು ಹೋಗುವ ತೆಳು ಚರ್ಮ ತಡೆಯುವುದಿಲ್ಲ ಎಂದರು ಚರ್ಮದ ಡಾಕ್ಟರು. ಈ ಬಗೆಯ ಅಲರ್ಜಿ ಕಾಣಿಸಿಕೊಳ್ಳಲು ಒಂದೆರಡು ದಿನ ಬೇಕಂತೆ.

ಎಲ್ಲವನ್ನೂ ನಿಲ್ಲಿಸಿ ಎಂದರು. ಶಾಂಪೂ, ಕಂಡಿಷನರ್, ಫೇಸ್‌ವಾಶ್, ಪರಿಮಳದ ಎಣ್ಣೆ ಎಲ್ಲ ಒಂದು ಚೀಲಕ್ಕೆ ಹೋದವು. ಮುಖಕ್ಕೆ ಬರೀ ನೀರು, ತಲೆಗೆ ಕಡಲೆಹಿಟ್ಟು. ಕೂದಲು ಅಂಟಂಟಾಗಿ ಆಫೀಸಿಗೆ ಹೋಗಲು ಮುಜುಗರವಾಗುತ್ತಿತ್ತು. ಆದರೂ ರಾತ್ರಿ ನಿದ್ದೆ ಬರತೊಡಗಿತು. ಅದೇ ದೊಡ್ಡದು.

ಮುಖ, ಕತ್ತಿನ ಚರ್ಮ ಪೂರ್ತಿ ತಿಳಿಯಾದ ಮೇಲೆ ಒಂದೊಂದನ್ನೇ ವಾಪಸು ತಂದೆ, ನಡುವೆ ಎರಡು ವಾರ ಬಿಟ್ಟು. ಎರಡನ್ನು ಒಟ್ಟಿಗೆ ತಂದರೆ ಯಾವುದೆಂದು ಗೊತ್ತಾಗುವುದಿಲ್ಲ. ಎಣ್ಣೆಯಿಂದ ಏನೂ ಆಗಲಿಲ್ಲ. ಫೇಸ್‌ವಾಶ್‌ನಿಂದಲೂ ಇಲ್ಲ. ಶಾಂಪೂ ಹಾಕಿದ ಮೂರನೇ ದಿನ ರೆಪ್ಪೆ ಊದಿತು. ನೋವಿನ ಜೊತೆ ಒಂದು ಸಮಾಧಾನವೂ ಇತ್ತು ಎಂದರೆ ನಂಬಬೇಕು.

ಪರಿಮಳವೇ ಕಾರಣವಿರಬೇಕು ಎಂದುಕೊಂಡಿದ್ದೆ. ಆದರೆ ಪ್ಯಾಚ್ ಟೆಸ್ಟ್ ಬೇರೆ ಹೇಳಿತು. ಬೆನ್ನಿಗೆ ಸಾಲಾಗಿ ಪಟ್ಟಿ ಅಂಟಿಸಿ ಎರಡು ದಿನ ಬೆನ್ನು ನೆನೆಸಬಾರದೆಂದರು. ಪಟ್ಟಿ ಕಿತ್ತಾಗ ಒಮ್ಮೆ, ನಾಲ್ಕನೇ ದಿನ ಇನ್ನೊಮ್ಮೆ ನೋಡಿದರು. ಪರಿಮಳದ ಮಿಶ್ರಣ ಇಟ್ಟ ಜಾಗ ಹಾಗೇ ಇತ್ತು. ಮೀಥೈಲ್‌ಐಸೋಥಯಾಜೋಲಿನೋನ್ ಇಟ್ಟ ಜಾಗ ಕೆಂಪಗೆ ಉಬ್ಬಿ ಸಣ್ಣ ಗುಳ್ಳೆ ಎದ್ದಿತ್ತು. ಶಾಂಪೂ ಕೆಡದಂತೆ ಹಾಕುವ ವಸ್ತು ಅದು. ಬಾಟಲಿ ತಿರುಗಿಸಿ ನೋಡಿದೆ. ಪಟ್ಟಿಯ ಕೊನೆಯಲ್ಲಿ, ಅತಿ ಸಣ್ಣ ಅಕ್ಷರದಲ್ಲಿ ಇತ್ತು. ಎದುರಿಗೆ ಗಿಡಮೂಲಿಕೆಯ ಚಿತ್ರವಿತ್ತು.

ಅದು ಇಲ್ಲದ ಶಾಂಪೂ ತಂದೆ. ಮುಖ, ಕತ್ತು ಸರಿಹೋದವು. ಬೆರಳ ಸಂದಿಯಲ್ಲೂ ಬಿರುಕಿತ್ತು, ಅದು ಮಾತ್ರ ಹೋಗಲಿಲ್ಲ. ಪಾತ್ರೆ ತೊಳೆಯುವ ದ್ರವದಲ್ಲೂ ಇದೇ ವಸ್ತು ಇರಬಹುದು ಎಂದರು ಡಾಕ್ಟರು. ನಮ್ಮನೆಯ ಬಾಟಲಿಯ ಮೇಲೆ ಏನೇನಿದೆ ಎಂಬ ಪಟ್ಟಿಯೇ ಇರಲಿಲ್ಲ. ದ್ರವ ಬಿಟ್ಟು ಬಿಲ್ಲೆ ಸೋಪಿಗೆ ಬಂದೆ. ಬಿರುಕು ನಿಧಾನವಾಗಿ ಕೂಡಿತು.

ಈ ಸಲ ದೀಪಾವಳಿಗೆ ಮನೆಗೆ ಬಣ್ಣ ಹೊಡೆಸಿದರು. ನೀರಿನಲ್ಲಿ ಕಲೆಸುವ ಗೋಡೆ ಬಣ್ಣದಲ್ಲೂ ಅದೇ ವಸ್ತು ಹೆಚ್ಚಾಗಿ ಇರುತ್ತದೆ, ಒಣಗುವಾಗ ಗಾಳಿಗೆ ಸೇರಿ ಮುಖಕ್ಕೆ ತಾಗುತ್ತದೆ. ಕೆಲವು ವಾರ ಅಕ್ಕನ ಮನೆಯಲ್ಲಿ ಇದ್ದೆ. ನನ್ನ ಶಾಂಪೂ, ನನ್ನ ಸೋಪು ಕಟ್ಟಿಕೊಂಡೇ ಹೋಗಿದ್ದೆ.