ಯಾಕಪ್ಪ ಯಾರ ಆನೆ?

ಕೈಯಲ್ಲಿ ಬಣ್ಣದ ಡಬ್ಬಿ ಮತ್ತು ಬ್ರಷ್ಷು, ಕಣ್ಣಿನ ಮೇಲೆ ಇಳಿಬಿದ್ದ ಕೂದಲು. ಏಷ್ಯನ್ ಪೇಂಟ್ಸ್ ಜಾಹೀರಾತಿನ ಆ ತುಂಟ ಹುಡುಗ ಗಟ್ಟುವನ್ನು ಇಂದಿನ ತಾಯ್ತಂದೆಯರು ಮರೆತಿರಲಾರರು. 1954ರಲ್ಲಿ ಅವನನ್ನು ಬರೆದವರು ಮೈಸೂರಿನ ಆರ್.ಕೆ. ಲಕ್ಷ್ಮಣ್. 1982ರ ದೆಹಲಿ ಏಷ್ಯನ್ ಕ್ರೀಡಾಕೂಟಕ್ಕೆ ಅಪ್ಪು ಎಂಬ ಆನೆಮರಿ ಇತ್ತು. ಒಂದು ಸಂಸ್ಥೆಯ ಪರವಾಗಿ ಹೀಗೆ ಜನರ ಮುಂದೆ ನಿಲ್ಲುವ ಪಾತ್ರಕ್ಕೆ ಮ್ಯಾಸ್ಕಾಟ್ ಎಂದು ಹೆಸರು. ಈಗ ಶಾಲೆಗಳ ವಿಜ್ಞಾನ ಸಂಘಗಳಿಗೂ ಇಂಥದೊಂದು ಬೇಕೆನಿಸುತ್ತದೆ. ಬರೆಯುವ ಕೈಗಳಿಗೆ ಕೊರತೆಯಿಲ್ಲ. ಬರೆದ ಮೇಲೆ ಅದು ಯಾರದು ಎಂಬ ಪ್ರಶ್ನೆ ಮಾತ್ರ, ಯಾರಾದರೂ ಅದನ್ನು ಎತ್ತಿಕೊಂಡು ಹೋಗುವವರೆಗೆ ಏಳುವುದಿಲ್ಲ.

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಶಾಲೆಯ ವಿಜ್ಞಾನ ಸಂಘಕ್ಕೆ ಒಂದು ಆನೆಮರಿ ಬರೆದಳೆಂದು ಇಟ್ಟುಕೊಳ್ಳೋಣ. ಮೈ ನೀಲಿ, ಎಡಗಿವಿಯ ಅಂಚು ಹರಿದಿದೆ, ಕೊರಳಲ್ಲಿ ಭೂತಗನ್ನಡಿ ತೂಗುತ್ತಿದೆ, ಸೊಂಡಿಲು ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಸುರುಳಿಯಾಗಿದೆ. ಹೆಸರು ಯಾಕಪ್ಪ. ವರ್ಷ ಕಳೆಯುವಷ್ಟರಲ್ಲಿ ಪೇಟೆಯ ಅಂಗಡಿಯಲ್ಲಿ ಏಕಪ್ಪ ಎಂಬ ಆನೆಯ ಚಿತ್ರವಿರುವ ಶಾಲಾಚೀಲ ನೇತಾಡುತ್ತದೆ. ಅದೇ ಸೊಂಡಿಲು, ಅದೇ ಭೂತಗನ್ನಡಿ, ಬಣ್ಣವೊಂದು ಹಸಿರು. ಹುಡುಗಿ ಏನು ಕೇಳಬಹುದು?

'ಪ್ರಶ್ನೆ ಕೇಳುವ ಆನೆಮರಿ' ಎಂಬ ಕಲ್ಪನೆ ಅವಳ ಸ್ವತ್ತಲ್ಲ. ಕೃತಿಸ್ವಾಮ್ಯ ಕಾಯುವುದು ಕಲ್ಪನೆಯನ್ನಲ್ಲ, ಅದು ತಳೆದ ರೂಪವನ್ನು. 1978ರಲ್ಲಿ ಆರ್.ಜಿ. ಆನಂದ್ ಎಂಬ ನಾಟಕಕಾರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇದನ್ನೇ. ಎರಡನ್ನೂ ಕಂಡವನಿಗೆ, ಎರಡನೆಯದು ಮೊದಲಿನದರ ನಕಲು ಎಂಬ ಭಾವನೆ ತಪ್ಪದೆ ಬರುವಂತಿದೆಯೇ ಎಂಬುದು ಆ ತೀರ್ಪು ಕೊಟ್ಟ ಅಳತೆಗೋಲು. ಜೀವಶಾಸ್ತ್ರದ ಪಾಠದಂತೆ ಇಲ್ಲೂ ಲಕ್ಷಣಗಳನ್ನು ಬೇರ್ಪಡಿಸಬೇಕು. ಸೊಂಡಿಲು, ಮೊರದಗಲ ಕಿವಿ, ಕಂಬದಂಥ ಕಾಲು ಪ್ರಕೃತಿ ಕೊಟ್ಟವು; ಅವು ಎಲ್ಲರಿಗೂ ಸೇರಿದವು. ಹರಿದ ಕಿವಿ, ಕೊರಳ ಭೂತಗನ್ನಡಿ, ಪ್ರಶ್ನೆಯಾಗಿ ಸುತ್ತಿದ ಸೊಂಡಿಲು ಹುಡುಗಿ ಕೊಟ್ಟವು. ಪ್ರಕೃತಿಯ ಪಾಲನ್ನು ಕಳೆದ ಮೇಲೆ ಉಳಿಯುವುದರಲ್ಲಿ ಹೋಲಿಕೆ ಎಷ್ಟಿದೆ ಎಂದು ನೋಡಬೇಕು.

ಮಕ್ಕಳ ಚಿತ್ರಕಥೆಗಳ ಲೋಕದಲ್ಲೇ ಇದಕ್ಕೊಂದು ನಿದರ್ಶನ ಉಂಟು. 1990ರ ದಶಕದಲ್ಲಿ ದೆಹಲಿ ಹೈಕೋರ್ಟಿನ ಮುಂದೆ ನಾಗರಾಜ್ ಮತ್ತು ನಾಗೇಶ್ ಬಂದು ನಿಂತರು. ನಾಗರಾಜ್ ರಾಜಾ ಪಾಕೆಟ್ ಬುಕ್ಸ್‌ನವರ ವೀರ: ಹಾವಿನ ಚರ್ಮದಂತೆ ಕಾಣುವ ಹಸಿರು ಮೈ, ಸೊಂಟದಲ್ಲಿ ಹಾವಿನಂಥ ಪಟ್ಟಿ, ಕೈಯಿಂದ ಹಾವುಗಳನ್ನು ಹೊರಬಿಡುವ ಶಕ್ತಿ. ರಾಧಾ ಪಾಕೆಟ್ ಬುಕ್ಸ್‌ನವರು ನಾಗೇಶನನ್ನು ತಂದರು. ಹಾವಿನ ಶಕ್ತಿಯುಳ್ಳ ವೀರ ಎಂಬ ಕಲ್ಪನೆ ಮಾತ್ರ ಸಮಾನವಾಗಿದ್ದರೆ ಮೊಕದ್ದಮೆ ನಿಲ್ಲುತ್ತಿರಲಿಲ್ಲವೇನೋ. ಆದರೆ ಉಡುಪು, ಬಣ್ಣ, ಶಕ್ತಿಗಳ ಬಗೆ ಎಲ್ಲವೂ ಸಾಲಾಗಿ ಹೊಂದುತ್ತಿದ್ದವು. ಹೆಸರುಗಳ ಅರ್ಥವೂ ಒಂದೇ: ಹಾವುಗಳ ಒಡೆಯ. ನ್ಯಾಯಾಲಯ ನಾಗೇಶನಿಗೆ ತಡೆ ಹಾಕಿತು. ಅಲ್ಲೊಂದು ಇಲ್ಲೊಂದು ವ್ಯತ್ಯಾಸ ಮಾಡಿ ತಪ್ಪಿಸಿಕೊಳ್ಳಬಹುದೆಂಬ ಲೆಕ್ಕಾಚಾರ ಫಲಿಸಲಿಲ್ಲ. ನಮ್ಮ ಏಕಪ್ಪನ ಹಸಿರು ಬಣ್ಣವೂ ಅದೇ ಜಾತಿಯ ವ್ಯತ್ಯಾಸ. 'ಏಳು ಬದಲಾವಣೆ ಮಾಡಿದರೆ ನಕಲಲ್ಲ' ಎಂಬಂಥ ಮಾತು ಕೇಳಿಬರುವುದುಂಟು; ಕಾನೂನಿನಲ್ಲಿ ಅಂಥ ಎಣಿಕೆಯೇ ಇಲ್ಲ.

ಇದೇ ಅಳತೆಯನ್ನು ತಿರುಗಿಸಿ ತನ್ನ ಚಿತ್ರಕ್ಕೂ ಹಿಡಿಯಬೇಕಾಗುತ್ತದೆ. ಹಿಂದೆ ಕಂಡ ಯಾವುದೋ ಕಾರ್ಟೂನಿನ ಕಣ್ಣು, ಕೈಗವಸು ನೆನಪಿನ ಮೂಲೆಯಿಂದ ಜಾರಿ ಕಾಗದಕ್ಕೆ ಇಳಿದಿರಬಹುದು. ಒಂದು ಸುಲಭ ಪರೀಕ್ಷೆಯಿದೆ. ಚಿತ್ರದ ಹೊರ ಆಕಾರಕ್ಕೆ ಪೂರ್ತಿ ಕಪ್ಪು ಬಳಿದು ಹತ್ತಾರು ಮಕ್ಕಳಿಗೆ ತೋರಿಸಬೇಕು. ಹೆಚ್ಚಿನವರು ಬೇರಾವುದೋ ಪ್ರಸಿದ್ಧ ಪಾತ್ರದ ಹೆಸರು ಹೇಳಿದರೆ ಮತ್ತೆ ಬರೆಯುವುದೇ ಲೇಸು.

ಚಿತ್ರ ಕಾಗದದ ಮೇಲೆ ಮೂಡಿದ ಗಳಿಗೆಯಿಂದಲೇ ಕೃತಿಸ್ವಾಮ್ಯ ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಬರೆದವರ ಜೀವಮಾನವಿಡೀ, ಅವರ ನಂತರ 60 ವರ್ಷ ಅದು ಉಳಿಯುತ್ತದೆ. ಜಗಳ ಬಂದಾಗ ಬೇಕಾಗುವುದು ಸಾಕ್ಷ್ಯ. ಕಾಟು ಹಾಕಿದ, ಅಳಿಸಿ ತಿದ್ದಿದ, ತಾರೀಖು ಬರೆದ ಕರಡು ಚಿತ್ರಗಳು ಮುಗಿದ ಚಿತ್ರಕ್ಕಿಂತ ಚೆನ್ನಾಗಿ ಮಾತನಾಡುತ್ತವೆ, ಏಕೆಂದರೆ ನಕಲು ಮಾಡಿದವನ ಬಳಿ ಅವು ಇರುವುದಿಲ್ಲ.

ಆದರೆ 'ಯಾಕಪ್ಪ' ಎಂಬ ಹೆಸರನ್ನು ಕೃತಿಸ್ವಾಮ್ಯ ಕಾಯದು. ಒಂದು ಪದ ಕೃತಿಯಲ್ಲ. ಅಲ್ಲಿಗೆ ಬೇಕಾದದ್ದು ಟ್ರೇಡ್‌ಮಾರ್ಕು. ಇದು ಕೇಳುವ ಪ್ರಶ್ನೆ ಬೇರೆ: ಕೊಳ್ಳುವವನು ಇದನ್ನು ನೋಡಿ ಸರಕು ಯಾರದೆಂದು ತಪ್ಪು ತಿಳಿಯುತ್ತಾನೆಯೇ? ಅದಕ್ಕೇ ಟ್ರೇಡ್‌ಮಾರ್ಕು ಸರಕಿನ ಜೊತೆ ಕಟ್ಟಿಕೊಂಡಿರುತ್ತದೆ. ಸರಕು ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಿದ್ದಾರೆ. ನೋಟ್‌ಬುಕ್ಕು 16ರಲ್ಲಿ, ಚೀಲ 18ರಲ್ಲಿ, ಶಿಕ್ಷಣ 41ರಲ್ಲಿ. ಒಂದೊಂದು ವರ್ಗಕ್ಕೂ ಪ್ರತ್ಯೇಕ ಶುಲ್ಕ. ವ್ಯಕ್ತಿಯೊಬ್ಬರು ಅಂತರ್ಜಾಲದ ಮೂಲಕ ಅರ್ಜಿ ಹಾಕಿದರೆ ವರ್ಗಕ್ಕೆ 4,500 ರೂಪಾಯಿ. ಚೀಲ, ಪುಸ್ತಕ ಯಾವುದನ್ನೂ ಮಾರುವ ಉದ್ದೇಶವಿಲ್ಲದ ಶಾಲಾ ಸಂಘಕ್ಕೆ ಈ ಖರ್ಚು ಬೇಕೇ ಎಂದು ಯೋಚಿಸುವುದು ಒಳ್ಳೆಯದು. ನೋಂದಣಿಯಾದರೆ 10 ವರ್ಷ ನಡೆಯುತ್ತದೆ, ನವೀಕರಿಸುತ್ತ ಹೋದರೆ ಕೊನೆಯೇ ಇಲ್ಲ. 1928ರ ಮೊದಲ ಮಿಕ್ಕಿ ಮೌಸ್ ಚಿತ್ರದ ಕೃತಿಸ್ವಾಮ್ಯ 2024ರ ಜನವರಿ 1ರಂದು ಅಮೆರಿಕದಲ್ಲಿ ಮುಗಿಯಿತು. ಮಿಕ್ಕಿಯ ಟ್ರೇಡ್‌ಮಾರ್ಕು ಮುಗಿಯಲಿಲ್ಲ.

ಅರ್ಜಿಗೆ ಮುಂಚೆ ipindia.gov.in ತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು. ಪದದಿಂದ ಹುಡುಕುವುದಷ್ಟೇ ಸಾಲದು. ಉಚ್ಚಾರಣೆಯಿಂದ ಹುಡುಕುವ ಸೌಲಭ್ಯವೂ ಇದೆ. ಏಕಪ್ಪ, ಯಾಕಪ್ಪರಂಥ ಜೋಡಿಗಳು ಸಿಕ್ಕುವುದು ಅಲ್ಲಿ. ಚಿತ್ರಗಳಿಗೆ ವಿಯೆನ್ನಾ ಸಂಕೇತವೆಂಬ ವರ್ಗೀಕರಣವುಂಟು. ಅದರಲ್ಲಿ ಆನೆಯ ಸಂಖ್ಯೆ 3.2.1.

ಇನ್ನು ಒಡೆತನ. ವಾಲ್ಟ್ ಡಿಸ್ನಿಗೆ ಮಿಕ್ಕಿಗಿಂತ ಮೊದಲು ಆಸ್ವಾಲ್ಡ್ ಎಂಬ ಮೊಲವಿತ್ತು. ಹೆಚ್ಚು ಹಣ ಕೇಳಲೆಂದು 1928ರಲ್ಲಿ ನ್ಯೂಯಾರ್ಕಿಗೆ ಹೋದಾಗ ಆತನಿಗೆ ಎದುರಾದ ಸತ್ಯವೆಂದರೆ, ಒಪ್ಪಂದದ ಪ್ರಕಾರ ಮೊಲ ಯೂನಿವರ್ಸಲ್ ಕಂಪನಿಯದು. ಅದು ಡಿಸ್ನಿ ಕಂಪನಿಗೆ ಮರಳಿದ್ದು 2006ರಲ್ಲಿ, ವಾಲ್ಟ್ ತೀರಿಕೊಂಡು 39 ವರ್ಷಗಳಾದ ಮೇಲೆ.

ನಮ್ಮ ಕಾಯಿದೆಯಲ್ಲಿ, ಸಂಬಳದ ನೌಕರಿಯ ಭಾಗವಾಗಿ ಚಿತ್ರಕಲಾ ಶಿಕ್ಷಕರು ಬರೆದದ್ದು, ಬೇರೆ ಒಪ್ಪಂದವಿಲ್ಲದಿದ್ದರೆ, ಶಾಲೆಗೆ ಸೇರುತ್ತದೆ. ವಿದ್ಯಾರ್ಥಿನಿ ನೌಕರಳಲ್ಲ; ಯಾಕಪ್ಪ ಅವಳದೇ. ಶಾಲೆಗೆ ಅದು ಬೇಕಾದರೆ ಸಹಿಯಿರುವ ಬರವಣಿಗೆಯ ಮೂಲಕವೇ ಪಡೆಯಬೇಕು, ಬಾಯಿಮಾತಿನ 'ಆಯಿತು ಸಾರ್' ಸಾಲದು. ಅವಳು ಅಪ್ರಾಪ್ತಳಾದ್ದರಿಂದ ಆ ಕಾಗದ ಬರುವುದು ತಂದೆ ಅಥವಾ ತಾಯಿಯ ಮುಂದೆ. ಅದರಲ್ಲಿ ಅವಧಿ ಬರೆಯದಿದ್ದರೆ ಹಕ್ಕು 5 ವರ್ಷಕ್ಕೆ ಮಾತ್ರ ಕೊಟ್ಟಂತೆ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. 'ಎಲ್ಲ ಹಕ್ಕುಗಳೂ, ಶಾಶ್ವತವಾಗಿ' ಎಂಬ ಸಾಲಿದ್ದರೆ ಅದನ್ನು ಹೊಡೆದುಹಾಕಿ 'ಶಾಲೆಯ ಚಟುವಟಿಕೆಗಳಿಗೆ ಮಾತ್ರ, ಮಾರಾಟಕ್ಕಲ್ಲ' ಎಂದು ಬರೆಯೋಣವೇ ಎಂದು ಮುಖ್ಯೋಪಾಧ್ಯಾಯರನ್ನು ಕೇಳಬಹುದು. ಚೀಲ ಹೊಲಿಸಿದವನಿಗೆ ನೋಟೀಸು ಕೊಡುವ ಹಕ್ಕು ಆಗ ಹುಡುಗಿಯ ಮನೆಯಲ್ಲೇ ಉಳಿದಿರುತ್ತದೆ.