ಬಾಗಿಲಲ್ಲಿ ಕೇಳುವ ಎರಡು ಪ್ರಶ್ನೆಗಳು

ಟೆಲಿಗ್ರಾಂನಲ್ಲಿ ಎರಡು ಬಗೆಯ ಗುಂಪುಗಳಿವೆ. ಆಹ್ವಾನದ ಲಿಂಕ್ ದೊರೆತವರು ಮಾತ್ರ ಸೇರಬಹುದಾದ ಖಾಸಗಿ ಗುಂಪು ಒಂದು. ಹೆಸರು ಹುಡುಕಿದ ಯಾರಿಗೂ ತೆರೆದುಕೊಳ್ಳುವ ಸಾರ್ವಜನಿಕ ಗುಂಪು ಇನ್ನೊಂದು. ನಾವು ಕೆಲವು ಗೆಳೆಯರು ಸೇರಿ ನಡೆಸುತ್ತಿರುವುದು ಎರಡನೆಯ ಬಗೆಯದು. ವಿದ್ಯಾರ್ಥಿವೇತನ, ಹಾಸ್ಟೆಲ್ ಪ್ರವೇಶ ಮತ್ತು ಸರಕಾರಿ ನೇಮಕಾತಿಗಳ ಪ್ರಕಟಣೆಗಳನ್ನು ಕನ್ನಡದಲ್ಲಿ ತಿಳಿಸುವುದು, ಅರ್ಜಿ ತುಂಬುವಾಗ ಎದುರಾಗುವ ಸಂದೇಹಗಳಿಗೆ ಉತ್ತರಿಸುವುದು ಅದರ ಕೆಲಸ. ಎಲ್ಲ ಸಮುದಾಯಗಳ ಸಾವಿರಾರು ಮಕ್ಕಳು ಮತ್ತು ಪೋಷಕರು ಅದರಲ್ಲಿದ್ದಾರೆ. ಅದನ್ನು ಖಾಸಗಿಯಾಗಿಸಿಬಿಟ್ಟರೆ ಸ್ಪ್ಯಾಮ್ ಖಾತೆಗಳ ಕಾಟ ತಗ್ಗೀತು ಎಂದು ಹಲವರು ಸಲಹೆ ನೀಡಿದ್ದುಂಟು. ಆದರೆ ಲಿಂಕ್ ಕಳುಹಿಸಿಕೊಡುವ ಪರಿಚಿತರು ಯಾರೂ ಇಲ್ಲದ ವಿದ್ಯಾರ್ಥಿಗೇ ಈ ಮಾಹಿತಿಯ ಅಗತ್ಯ ಹೆಚ್ಚು. ಆದ್ದರಿಂದ ಬಾಗಿಲನ್ನು ಮುಚ್ಚದೆ, ಬಾಗಿಲಲ್ಲಿ ವಿಚಾರಿಸುವ ಕ್ರಮವನ್ನು ನಾವು ಆರಿಸಿಕೊಂಡೆವು.

ಸ್ಪ್ಯಾಮ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಗುಂಪಿನೊಳಗೆ ಬಂದು ಬೀಳುವ ಜಾಹೀರಾತು: ಮನೆಯಲ್ಲೇ ಕುಳಿತು ಸಂಪಾದಿಸಿ, ಕ್ರಿಪ್ಟೋದಲ್ಲಿ ಹಣ ತೊಡಗಿಸಿ ಎಂಬಿತ್ಯಾದಿ. ಇದು ಕಿರಿಕಿರಿಯೇ ಹೌದು. ಆದರೆ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ ಮತ್ತು ಅಡ್ಮಿನ್‌ಗಳು ಅದನ್ನು ಅಳಿಸಬಲ್ಲರು. ಇದಕ್ಕಿಂತ ಅಪಾಯಕಾರಿಯಾದ ಇನ್ನೊಂದು ಬಗೆಯ ಖಾತೆಯಿದೆ. ಅದು ಗುಂಪಿನಲ್ಲಿ ಒಂದಕ್ಷರವನ್ನೂ ಬರೆಯುವುದಿಲ್ಲ. ಸದಸ್ಯರ ಪಟ್ಟಿಯನ್ನು ನೋಡುತ್ತದೆ, ಯಾರು ಯಾವ ಪ್ರಶ್ನೆ ಕೇಳುತ್ತಿದ್ದಾರೆಂದು ಗಮನಿಸುತ್ತದೆ, ಅನಂತರ ಒಬ್ಬೊಬ್ಬರಿಗೇ ಖಾಸಗಿಯಾಗಿ ಮೆಸೇಜ್ ಕಳುಹಿಸುತ್ತದೆ.

ನಮ್ಮ ಗುಂಪಿನ ಒಬ್ಬ ವಿದ್ಯಾರ್ಥಿನಿಗೆ ಹೀಗೆಯೇ ಆಯಿತು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಬಗ್ಗೆ ಆಕೆ ಗುಂಪಿನಲ್ಲಿ ಒಂದು ಪ್ರಶ್ನೆ ಕೇಳಿದಳು. ಸ್ವಲ್ಪ ಹೊತ್ತಿನಲ್ಲೇ ಅಡ್ಮಿನ್‌ನ ಹೆಸರು ಮತ್ತು ಭಾವಚಿತ್ರವಿದ್ದ ಖಾತೆಯೊಂದರಿಂದ ಆಕೆಗೆ ಮೆಸೇಜ್ ಬಂತು. ಹೆಸರೂ ಚಿತ್ರವೂ ಒಂದೇ. ಯೂಸರ್‌ನೇಮ್‌ನಲ್ಲಿ ಮಾತ್ರ ಒಂದು ಅಕ್ಷರದ ವ್ಯತ್ಯಾಸ. ಅರ್ಜಿಯನ್ನು ಬೇಗ ಮುಂದೆ ಸಾಗಿಸಲು 1,500 ರೂಪಾಯಿ ಶುಲ್ಕವಿದೆ ಎಂದು ನಂಬಿಸಲಾಯಿತು. ಆಕೆ ಕಳುಹಿಸಿದಳು. ತಾಯಿ ಬೀಡಿ ಕಟ್ಟಿ ಕೂಡಿಟ್ಟ ಹಣವದು. ವಿಷಯ ತಿಳಿದೊಡನೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿಸಿದೆವು. ಆದರೆ ಆ ಹಣ ಮರಳಲಿಲ್ಲ. ಗುಂಪಿನ ಒಳಗಡೆ ಒಂದೇ ಒಂದು ಸ್ಪ್ಯಾಮ್ ಮೆಸೇಜ್ ಇಲ್ಲದ ದಿನವೇ ಇದೆಲ್ಲ ನಡೆದಿತ್ತು.

ಪರಿಶೀಲನೆಯ ಮೊದಲ ವಿಧಾನ, ಒಳಗೆ ಬಂದ ಮೇಲೆ ತಡೆಯುವುದು. ಹೊಸಬರು ಸೇರಿದ ಕೂಡಲೇ ಬಾಟ್ ಅವರ ಬಾಯಿಗೆ ಬೀಗ ಹಾಕುತ್ತದೆ. ಒಂದು ಗುಂಡಿ ಒತ್ತಿದರೆ, ಲೆಕ್ಕ ಬಿಡಿಸಿದರೆ ಅಥವಾ ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿದರೆ ಬೀಗ ತೆರೆಯುತ್ತದೆ. ಇದಕ್ಕೆ ಕ್ಯಾಪ್ಚಾ ಎನ್ನುತ್ತಾರೆ. ರೋಸ್ ಎಂಬ ಪ್ರಸಿದ್ಧ ಬಾಟ್ ಅನ್ನು ಅಡ್ಮಿನ್ ಮಾಡಿ ಗುಂಪಿನಲ್ಲಿ ಈ ಆದೇಶಗಳನ್ನು ಕೊಟ್ಟರೆ ಸಾಕು:

```
/welcome on
/captcha on
/captchamode text
/captchakick on
/captchakicktime 10m
```

ಸ್ವಾಗತ ಸಂದೇಶ ಚಾಲೂ ಇಲ್ಲದಿದ್ದರೆ ಕ್ಯಾಪ್ಚಾ ಕೆಲಸ ಮಾಡದಿರುವುದರಿಂದ ಮೊದಲ ಸಾಲು ಅಗತ್ಯ. ಕೊನೆಯ ಎರಡು ಸಾಲುಗಳು, ಹತ್ತು ನಿಮಿಷದೊಳಗೆ ಉತ್ತರಿಸದವರನ್ನು ಹೊರಗೆ ಕಳುಹಿಸುತ್ತವೆ. ಜಾಹೀರಾತು ಸುರಿಯುವ ಖಾತೆಗಳನ್ನು ಇದು ಬಹುಮಟ್ಟಿಗೆ ತಡೆಯುತ್ತದೆ. ಆದರೆ ಆ ಹತ್ತು ನಿಮಿಷವೂ ಖಾತೆ ಗುಂಪಿನ ಒಳಗೇ ಇರುತ್ತದೆ ಎಂಬುದನ್ನು ಮರೆಯಬಾರದು. ಮಾತನಾಡಲು ಬಂದವನಿಗೆ ಬಾಯಿಬೀಗ ಶಿಕ್ಷೆ. ಪಟ್ಟಿ ನೋಡಲು ಬಂದವನಿಗೆ ಅದರಿಂದ ನಷ್ಟವೇನೂ ಇಲ್ಲ.

ಆದ್ದರಿಂದ ಎರಡನೆಯ ವಿಧಾನ: ಒಳಗೆ ಬರುವ ಮುನ್ನವೇ ವಿಚಾರಿಸುವುದು. ಗುಂಪಿನ ಸೆಟ್ಟಿಂಗ್ಸ್‌ನಲ್ಲಿ `Group Type` ತೆರೆದು `Approve New Members` ಎಂಬುದನ್ನು ಚಾಲೂ ಮಾಡಿದರೆ, ಸೇರಬಯಸುವವರು ನೇರವಾಗಿ ಒಳಬರದೆ ಮನವಿ ಸಲ್ಲಿಸಬೇಕಾಗುತ್ತದೆ. ಅಡ್ಮಿನ್‌ಗೆ ಆಗ ಕಾಣುವುದು ಹೆಸರು, ಚಿತ್ರ ಮತ್ತು ಪರಿಚಯದ ಸಾಲು ಮಾತ್ರ. ಇಷ್ಟರಿಂದ ಮನುಷ್ಯನನ್ನು ಅಳೆಯುವುದು ಅನ್ಯಾಯವೇ ಸರಿ. ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರು ತಮ್ಮ ಚಿತ್ರವನ್ನೇ ಹಾಕುವುದಿಲ್ಲ, ಕೆಲವರು ಅಣ್ಣನ ಅಥವಾ ತಂದೆಯ ಫೋನ್ ಬಳಸುತ್ತಾರೆ. ಪ್ರಶ್ನೆ ಕೇಳಬೇಕಾಗುವುದು ಇಲ್ಲಿಯೇ. ಸಾಮಾನ್ಯವಾಗಿ ಬಾಟ್ ತಾನಾಗಿ ಯಾರಿಗೂ ಮೊದಲು ಮೆಸೇಜ್ ಕಳುಹಿಸಲಾರದು. ಆದರೆ ಸೇರುವ ಮನವಿ ಸಲ್ಲಿಸಿದವರಿಗೆ ಅಲ್ಪಾವಧಿಯಲ್ಲಿ ಬರೆಯುವ ಅವಕಾಶವನ್ನು ಟೆಲಿಗ್ರಾಂ ನೀಡಿದೆ. ನಮ್ಮ ಗುಂಪಿನ ಎಂಜಿನಿಯರ್ ಯುವಕನೊಬ್ಬ ಅದಕ್ಕೆಂದೇ ಚಿಕ್ಕ ಬಾಟ್ ಒಂದನ್ನು ಬರೆದುಕೊಟ್ಟ. ಮನವಿ ಬಂದೊಡನೆ ಅದು ಪ್ರಶ್ನೆ ಕಳುಹಿಸುತ್ತದೆ, ಬಂದ ಉತ್ತರವನ್ನು ನಮ್ಮ ಮುಂದಿಡುತ್ತದೆ. ಸ್ವೀಕರಿಸುವುದೋ ತಿರಸ್ಕರಿಸುವುದೋ ಎಂಬ ತೀರ್ಮಾನ ಮಾತ್ರ ನಮ್ಮದು.

ಯಾವ ಪ್ರಶ್ನೆ ಕೇಳಬೇಕೆಂಬುದರ ಬಗ್ಗೆ ನಮ್ಮೊಳಗೆ ದೀರ್ಘ ಚರ್ಚೆ ನಡೆಯಿತು. ಎರಡು ಮತ್ತು ಮೂರು ಕೂಡಿದರೆ ಎಷ್ಟು ಎಂಬಂತಹ ಲೆಕ್ಕವನ್ನು ಯಂತ್ರವೇ ಬಿಡಿಸುತ್ತದೆ. ಸಾಮಾನ್ಯ ಜ್ಞಾನದ ಪ್ರಶ್ನೆಗೆ ವಂಚಕನಿಗೆ ಉತ್ತರ ಗೊತ್ತಿರುತ್ತದೆ, ಏಳನೆಯ ತರಗತಿಗೆ ಶಾಲೆ ಬಿಟ್ಟ ತಾಯಿಗೆ ಗೊತ್ತಿರುವುದಿಲ್ಲ. ಧಾರ್ಮಿಕ ಪ್ರಶ್ನೆ ಕೇಳೋಣ ಎಂದು ಒಬ್ಬ ಹಿರಿಯರು ಸೂಚಿಸಿದರು. ಅದು ಎಲ್ಲರಿಗಾಗಿ ತೆರೆದ ಗುಂಪಿನಿಂದ ಅನ್ಯ ಸಮುದಾಯದ ವಿದ್ಯಾರ್ಥಿಯನ್ನು ಹೊರಗಿಟ್ಟೀತು. ಅಲ್ಲದೆ ನಮ್ಮ ಹೆಸರಿನಲ್ಲೇ ಮೋಸ ಮಾಡಲು ಹೊರಟವನು ಆ ಉತ್ತರವನ್ನು ಮೊದಲೇ ಕಲಿತಿರುತ್ತಾನೆ. ಕೊನೆಗೆ ಎರಡು ಪ್ರಶ್ನೆಗಳು ಉಳಿದವು:

ಒಂದು, ನೀವು ಯಾವ ವಿದ್ಯಾರ್ಥಿವೇತನ ಅಥವಾ ಪರೀಕ್ಷೆಯ ಮಾಹಿತಿಗಾಗಿ ಬಂದಿದ್ದೀರಿ, ಯಾರಿಗಾಗಿ?

ಎರಡು, ನಮ್ಮ ಅಡ್ಮಿನ್ ಎಂದು ಹೇಳಿಕೊಂಡು ಯಾರಾದರೂ ನಿಮ್ಮಲ್ಲಿ ಹಣ ಕೇಳಿದರೆ ಏನು ಮಾಡುವಿರಿ?

ಎರಡನೆಯದರ ಉತ್ತರ ಗುಂಪಿನ ವಿವರಣೆಯಲ್ಲೇ ಇದೆ: ಕೊಡುವುದಿಲ್ಲ, ಗುಂಪಿಗೆ ತಿಳಿಸುತ್ತೇನೆ. ಉತ್ತರ ಕನ್ನಡದಲ್ಲಿರಲಿ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿರಲಿ, ಉರ್ದು ಅಥವಾ ಬ್ಯಾರಿಯಲ್ಲಿರಲಿ, ನಮಗೆ ಸಾಕು. ಕಾಗುಣಿತವನ್ನು ನಾವು ನೋಡುವುದಿಲ್ಲ.

ಒಂದು ಸಂಜೆಯ ಉದಾಹರಣೆ ಹೇಳುತ್ತೇನೆ. ವಿದ್ಯಾರ್ಥಿವೇತನದ ಕೊನೆಯ ದಿನಾಂಕ ಸಮೀಪಿಸಿದ್ದ ಹೊತ್ತು. ಅರ್ಧ ಗಂಟೆಯೊಳಗೆ 22 ಮನವಿಗಳು ಬಂದವು. ಅವುಗಳಲ್ಲಿ 9 ಮಂದಿ ಉತ್ತರವನ್ನೇ ಕೊಡಲಿಲ್ಲ. 5 ಖಾತೆಗಳಿಂದ, ತನಗೆ ಆಸಕ್ತಿಯಿದೆ, ದಯವಿಟ್ಟು ಸೇರಿಸಿ ಎಂಬ ಒಂದೇ ಇಂಗ್ಲಿಷ್ ವಾಕ್ಯ ಚುಕ್ಕೆಯೂ ಬದಲಾಗದೆ ಬಂತು. ಪ್ರಶ್ನೆಯನ್ನು ಓದದೆ ಕೊಟ್ಟ ಉತ್ತರ ಹೀಗೆಯೇ ಇರುತ್ತದೆ: ಯಾವ ಪ್ರಶ್ನೆಗೂ ಸಲ್ಲುತ್ತದೆ, ಯಾವುದಕ್ಕೂ ಉತ್ತರವಾಗಿರುವುದಿಲ್ಲ. 6 ಮಂದಿ ಸ್ಪಷ್ಟವಾಗಿ ಬರೆದಿದ್ದರು. ಅವರನ್ನು ಕೂಡಲೇ ಸೇರಿಸಿಕೊಂಡೆವು. ಉಳಿದ ಇಬ್ಬರಲ್ಲಿ ಒಬ್ಬರು ಬರೆದದ್ದು ‘ಮಗಳಿಗೆ’ ಎಂಬ ಒಂದೇ ಪದ. ಇನ್ನೊಬ್ಬರು ಪರೀಕ್ಷೆಯ ಹೆಸರನ್ನು ಅಚ್ಚುಕಟ್ಟಾಗಿ ಬರೆದು ಎರಡನೆಯ ಪ್ರಶ್ನೆಯನ್ನು ಹಾಗೆಯೇ ಬಿಟ್ಟಿದ್ದರು. ಇಬ್ಬರಿಗೂ ಅದನ್ನೇ ಮತ್ತೊಮ್ಮೆ ಕೇಳಿದೆವು. ಮೊದಲಿನವರಿಂದ ‘ದುಡ್ಡು ಕೊಡಲ್ಲ ಸರ್’ ಎಂಬ ಉತ್ತರ ಬಂತು, ಎರಡನೆಯವರು ಮೌನ ವಹಿಸಿದರು. ಸಂದೇಹವಿರುವವರನ್ನು ನಾವು ತಿರಸ್ಕರಿಸುತ್ತೇವೆಯೇ ಹೊರತು ನಿಷೇಧಿಸುವುದಿಲ್ಲ. ತಿರಸ್ಕೃತರಾದವರು ಮತ್ತೆ ಮನವಿ ಸಲ್ಲಿಸಬಹುದು. ನಿಷೇಧಕ್ಕೊಳಗಾದ ಪ್ರಾಮಾಣಿಕ ವ್ಯಕ್ತಿಗೆ ಆ ದಾರಿಯೂ ಇಲ್ಲ. ಇಷ್ಟೆಲ್ಲ ಮಾಡುವುದಕ್ಕೆ ಜನ ಬೇಕು. ಮೂವರು ಸರದಿಯಲ್ಲಿ ನೋಡುತ್ತೇವೆ. ಯಾವ ಮನವಿಯೂ ಒಂದು ದಿನಕ್ಕಿಂತ ಹೆಚ್ಚು ಕಾಯಬಾರದೆಂಬುದು ನಮ್ಮ ನಿಯಮ, ಏಕೆಂದರೆ ಅರ್ಜಿಯ ಕೊನೆಯ ದಿನಾಂಕ ನಮಗಾಗಿ ಕಾಯುವುದಿಲ್ಲ.

ಮುಂಬಾಗಿಲನ್ನು ಕಾಯುವವರು ಹಿತ್ತಲ ಬಾಗಿಲನ್ನೂ ನೋಡಿಕೊಳ್ಳಬೇಕು. ಅಂತಹವು ಎರಡಿವೆ. ಮೊದಲನೆಯದು ಹಳೆಯ ಆಹ್ವಾನ ಲಿಂಕ್‌ಗಳು. `Approve New Members` ಅನ್ವಯವಾಗುವುದು ಗುಂಪಿನ ಸಾರ್ವಜನಿಕ ಹೆಸರಿನ ಮೂಲಕ ಬರುವವರಿಗೆ. ಅನುಮೋದನೆ ಬೇಡದ ಆಹ್ವಾನ ಲಿಂಕ್ ಎಲ್ಲಾದರೂ ಉಳಿದಿದ್ದರೆ ಅದರಿಂದ ಬಂದವರು ಪ್ರಶ್ನೆಯಿಲ್ಲದೆ ಒಳಗೆ ನುಗ್ಗುತ್ತಾರೆ. `Invite Links` ಪುಟದಲ್ಲಿರುವ ಅಂತಹ ಎಲ್ಲ ಲಿಂಕ್‌ಗಳನ್ನೂ ರದ್ದುಮಾಡಬೇಕು. ಎರಡನೆಯದು, ಸದಸ್ಯರೇ ಇತರರನ್ನು ಸೇರಿಸುವ ಅನುಮತಿ. `Permissions` ಪುಟದಲ್ಲಿ ಅದನ್ನು ನಿಲ್ಲಿಸದಿದ್ದರೆ ಒಳಗೆ ಬಂದ ಒಂದು ನಕಲಿ ಖಾತೆ ತನ್ನ ಬಳಗವನ್ನೇ ಕರೆತಂದೀತು. ಸೋರಿಕೆ ಇದೆಯೇ ಎಂದು ತಿಳಿಯಲು `Recent Actions` ತೆರೆದು ನೋಡಬೇಕು. ಕಳೆದ 48 ಗಂಟೆಗಳಲ್ಲಿ ಯಾರು ಹೇಗೆ ಬಂದರೆಂಬುದು ಅಲ್ಲಿರುತ್ತದೆ. ನಾವು ಅನುಮೋದಿಸದ ಹೆಸರು ಅಲ್ಲಿ ಕಂಡರೆ ಯಾವುದೋ ಬಾಗಿಲು ತೆರೆದಿದೆ ಎಂದರ್ಥ.

ಇಷ್ಟಾದ ಮೇಲೂ ಕೆಲವನ್ನು ಪ್ರಶ್ನೆಗಳು ತಡೆಯಲಾರವು. ಕುಳಿತು ಓದಿ ಉತ್ತರಿಸುವ ವಂಚಕ ಒಳಗೆ ಬರುತ್ತಾನೆ. ಕದಿಯಲ್ಪಟ್ಟ ಹಳೆಯ ಸದಸ್ಯನ ಖಾತೆ ಈಗಾಗಲೇ ಒಳಗಿರುತ್ತದೆ. ದೊಡ್ಡ ಗುಂಪುಗಳಲ್ಲಿ `Hide Members` ಚಾಲೂ ಮಾಡಿ ಪಟ್ಟಿಯನ್ನು ಮರೆಮಾಡಬಹುದು, ನಾವೂ ಮಾಡಿದ್ದೇವೆ. ಆದರೆ ಸಾರ್ವಜನಿಕ ಗುಂಪಿನ ಮಾತುಕತೆಯನ್ನು ಸೇರದೆಯೇ ಓದಬಹುದು. ಅಲ್ಲಿ ಪ್ರಶ್ನೆ ಕೇಳಿದವರ ಹೆಸರು ಹೊರಗಿನವನಿಗೂ ಕಾಣುತ್ತದೆ. ಆ ವಿದ್ಯಾರ್ಥಿನಿಗೆ ಮೆಸೇಜ್ ಕಳುಹಿಸಿದವನು ಗುಂಪಿಗೆ ಸೇರಿರಲೇಬೇಕೆಂದಿಲ್ಲ.

ನಾವು ಎರಡನೆಯ ಪ್ರಶ್ನೆಯನ್ನು ಕೈಬಿಡದಿರುವುದು ಇದೇ ಕಾರಣದಿಂದ. ಅದರ ಉತ್ತರವನ್ನು ಯಾರು ಬೇಕಾದರೂ ನಕಲು ಮಾಡಬಹುದೆಂದು ಕೆಲವರು ಆಕ್ಷೇಪಿಸುತ್ತಾರೆ, ಅದು ನಿಜವೂ ಹೌದು. ಆದರೆ ಆ ಪ್ರಶ್ನೆ ಇರುವುದು ವಂಚಕನಿಗಾಗಿ ಮಾತ್ರವಲ್ಲ. ಗುಂಪಿಗೆ ಸೇರುವ ಪ್ರತಿಯೊಬ್ಬ ತಾಯಿಯೂ ಪ್ರತಿಯೊಬ್ಬ ವಿದ್ಯಾರ್ಥಿಯೂ, ಹಣ ಕೇಳಿದರೆ ಕೊಡುವುದಿಲ್ಲ ಎಂದು ತನ್ನ ಕೈಯಾರೆ ಒಮ್ಮೆ ಬರೆದೇ ಒಳಗೆ ಬರುತ್ತಾರೆ. ಅಡ್ಮಿನ್‌ನ ಹೆಸರು ಹೊತ್ತ ಮೆಸೇಜ್ ರಾತ್ರಿ ಹತ್ತು ಗಂಟೆಗೆ ಅವರ ಫೋನಿಗೆ ಬಂದಾಗ ಅಲ್ಲಿ ನಾವು ಇರುವುದಿಲ್ಲ, ಬಾಟ್ ಇರುವುದಿಲ್ಲ. ಅವರೇ ಬರೆದ ಆ ಒಂದು ಸಾಲು ಮಾತ್ರ ಅವರ ನೆನಪಿನಲ್ಲಿರುತ್ತದೆ.